ಜ್ವರ ಶುರುವಾದ ಗಂಟೆ ಬರೆದುಕೊಳ್ಳಿ: ಎರಡು ಸಲ ಸಿಆರ್‌ಪಿ ಮಾಡಿದ ನನ್ನ ಅನುಭವ

ಕೋಲಾರದಲ್ಲಿ ಸಣ್ಣದೊಂದು ಲ್ಯಾಬ್ ನಡೆಸುತ್ತೇನೆ. ಸಿಆರ್‌ಪಿ ಅಂದರೆ ಮೈಯಲ್ಲಿ ಉರಿಯೂತ ಆದಾಗ ಲಿವರ್ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್, ಅದನ್ನು ಅಳೆಯುವ ಟೆಸ್ಟಿಗೂ ಅದೇ ಹೆಸರು. ಜ್ವರದ ಪೇಷಂಟಿಗೆ 24 ಗಂಟೆ ಬಿಟ್ಟು ಎರಡನೇ ಸಲ ಸಿಆರ್‌ಪಿ ಮಾಡಬೇಕು, ಫಾರಂನಲ್ಲಿ ಜ್ವರ ಶುರುವಾದ ಗಂಟೆಯನ್ನೂ ಬರೆಯಬೇಕು ಅಂತ ನಾನು ಹೇಳಿದಾಗ ಸುತ್ತಲಿನ ಲ್ಯಾಬಿನವರೆಲ್ಲ ನಕ್ಕಿದ್ದರು. "ಒಂದೇ ಟೆಸ್ಟಿಗೆ ಎರಡು ಸಲ ದುಡ್ಡು ಕೊಡೋರು ಯಾರಣ್ಣ?" ಅಂದರು. ಹಿರಿಯ ಡಾಕ್ಟರೊಬ್ಬರು, "ಏನಪ್ಪಾ, ವ್ಯಾಪಾರ ಜಾಸ್ತಿ ಮಾಡ್ಕೊಳ್ಳೋ ಐಡಿಯಾನಾ?" ಅಂತ ನೇರವಾಗಿಯೇ ಕೇಳಿದರು. ಈಗ ಅವರ ಚೀಟಿಯಲ್ಲೇ "ಸಿಆರ್‌ಪಿ, ನಾಳೆ ಮತ್ತೊಮ್ಮೆ" ಅಂತ ಬರುತ್ತದೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಹಾಗೆ ಸಿಆರ್‌ಪಿ ಹಿಡಿಯುವ ಆ್ಯಂಟಿಬಾಡಿ ಅಂಟಿಸಿದ ಲೇಟೆಕ್ಸ್ ಕಣಗಳನ್ನು ಸ್ಲೈಡ್ ಮೇಲೆ ಸೀರಮ್ಮಿನ ಜೊತೆ ಬೆರೆಸಿ ನೋಡುತ್ತಿದ್ದೆ. ಲೀಟರಿಗೆ 6 ಮಿಲಿಗ್ರಾಂಗಿಂತ ಜಾಸ್ತಿ ಇದ್ದರೆ ಗರಣೆ ಕಟ್ಟುತ್ತದೆ, ಪಾಸಿಟಿವ್ ಅಂತ ಬರೆಯುವುದು. ಆದರೆ 8 ಇದ್ದರೂ ಪಾಸಿಟಿವ್, 180 ಇದ್ದರೂ ಪಾಸಿಟಿವ್. ಸಲೈನಲ್ಲಿ ಡೈಲ್ಯೂಟ್ ಮಾಡುತ್ತಾ ಹೋದರೆ ಅಂದಾಜು ಸಿಗುತ್ತದೆ, ಆದರೆ ಒಂದೊಂದು ಮೆಟ್ಟಿಲಿಗೂ ಅಂಕಿ ಡಬಲ್ ಆಗುತ್ತದೆ. ನಿನ್ನೆಗೂ ಇವತ್ತಿಗೂ ಹೋಲಿಸಲು ಅದು ಸಾಲದು. ಅದಕ್ಕೇ ಸೆಕೆಂಡ್ ಹ್ಯಾಂಡ್ ಸೆಮಿ ಆಟೋ ಅನಲೈಸರ್ ತಂದು, ದ್ರಾವಣ ಎಷ್ಟು ಮಬ್ಬಾಯ್ತು ಅಂತ ಅಳೆದು ಅಂಕಿ ಕೊಡುವ ಟರ್ಬಿಡಿಮೆಟ್ರಿಗೆ ಬಂದೆ. ಮಿಷನ್ನಿಗೆ ಎಂಬತ್ತು ತೊಂಬತ್ತು ಸಾವಿರ ಆಯ್ತು ಅಂತ ನೆನಪು. ಮನೆಯಲ್ಲಿ ಆ ವಿಷಯ ಈಗಲೂ ಎತ್ತುತ್ತಾರೆ.

ಎರಡು ಸಲ ಯಾಕೆ ಅನ್ನುವುದಕ್ಕೆ ರೋಗಾಣು ನುಂಗುವ ಜೀವಕೋಶವಾದ ಮ್ಯಾಕ್ರೋಫೇಜ್‌ನಿಂದ ಶುರು ಮಾಡಬೇಕು. ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದ ತಕ್ಷಣ ಅಲ್ಲೇ ಕಾವಲಿರುವ ಮ್ಯಾಕ್ರೋಫೇಜ್ ಅದರ ಹೊದಿಕೆಯನ್ನು ಗುರುತಿಸಿ ಇಂಟರ್‌ಲ್ಯೂಕಿನ್ 6 ಎಂಬ ಸಂದೇಶ ಒಯ್ಯುವ ಪ್ರೋಟೀನ್ ಬಿಡುಗಡೆ ಮಾಡುತ್ತದೆ. ಐಎಲ್ 6 ಅಂತಲೇ ಕರೆಯೋಣ. ಜೊತೆಗೆ ಅಂಥದ್ದೇ ಕೆಲಸದ ಐಎಲ್ 1, ಟಿಎನ್‌ಎಫ್ ಕೂಡ ಇರುತ್ತವೆ. ಈ ಐಎಲ್ 6 ರಕ್ತದಲ್ಲಿ ಎರಡು ಕಡೆ ಹೋಗಿ ಕೆಲಸ ಮಾಡುತ್ತದೆ. ಒಂದು ಮಿದುಳಿನ ಹೈಪೋಥಲಾಮಸ್. ಅಲ್ಲಿನ ರಕ್ತನಾಳದ ಗೋಡೆಯಲ್ಲಿ ಪ್ರೋಸ್ಟಗ್ಲಾಂಡಿನ್ ಇ2 ತಯಾರಾಗಿ, ದೇಹ ಇಷ್ಟು ಬಿಸಿ ಇರಬೇಕು ಅನ್ನುವ ಮಟ್ಟವೇ ಮೇಲಕ್ಕೆ ಹೋಗುತ್ತದೆ. ಚಳಿ, ನಡುಕ, ಜ್ವರ ಎಲ್ಲ ಅಲ್ಲಿಂದ. ಇದಕ್ಕೆ ಹೆಚ್ಚು ಹೊತ್ತು ಬೇಡ.

ಇನ್ನೊಂದು ಲಿವರ್. ಲಿವರ್ ಜೀವಕೋಶದ ಮೇಲಿನ ರಿಸೆಪ್ಟರಿಗೆ ಐಎಲ್ 6 ಕೂತರೆ, ಪಕ್ಕದ ಜಿಪಿ130 ಎಂಬ ಪ್ರೋಟೀನ್ ಅದರ ಜೊತೆ ಸೇರುತ್ತದೆ. ಒಳಗಡೆ ಜ್ಯಾಕ್ ಎಂಬ ಕಿಣ್ವ ಸ್ಟ್ಯಾಟ್3 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಸ್ಟ್ಯಾಟ್3 ನ್ಯೂಕ್ಲಿಯಸ್ಸಿಗೆ ಹೋಗಿ ಸಿಆರ್‌ಪಿ ಜೀನನ್ನು ಎಬ್ಬಿಸುತ್ತದೆ. ಐಎಲ್ 1 ಇದಕ್ಕೆ ಇನ್ನಷ್ಟು ಒತ್ತು ಕೊಡುತ್ತದೆ. ಆಮೇಲೆ ಜೀನಿನ ನಕಲು ತೆಗೆಯಬೇಕು, ಪ್ರೋಟೀನ್ ಕಟ್ಟಬೇಕು, ಐದು ತುಂಡು ಸೇರಿಸಿ ಉಂಗುರ ಮಾಡಿ ರಕ್ತಕ್ಕೆ ಬಿಡಬೇಕು. ಹಾಗಾಗಿ ಸಿಆರ್‌ಪಿ ಏರಲು ಶುರುವಾಗುವುದಕ್ಕೇ ಆರರಿಂದ ಹನ್ನೆರಡು ಗಂಟೆ ಬೇಕು. ಶುರುವಾದ ಮೇಲೆ ಸುಮಾರು 8 ಗಂಟೆಗೊಮ್ಮೆ ಡಬಲ್ ಆಗುತ್ತಾ, ಒಂದೂವರೆ ಎರಡು ದಿನಕ್ಕೆ ತುದಿ ಮುಟ್ಟುತ್ತದೆ.

ಅಂದರೆ ರಾತ್ರಿ ಜ್ವರ ಬಂದವನ ರಕ್ತ ಬೆಳಗ್ಗೆ ತೆಗೆದರೆ ಲಿವರ್ ಇನ್ನೂ ಈಗಷ್ಟೇ ಕೆಲಸಕ್ಕೆ ಇಳಿದಿರುತ್ತದೆ. ಅವತ್ತಿನ "ನಾರ್ಮಲ್" ನಂಬಿ ಎಷ್ಟು ಜನರನ್ನು ಮನೆಗೆ ಕಳಿಸಿದ್ದಾರೋ ಏನೋ.

ಒಂದು ಕೇಸ್ ಪೂರ್ತಿ ಹೇಳುತ್ತೇನೆ. ಟೊಮೆಟೊ ಮಂಡಿಯಲ್ಲಿ ಕ್ರೇಟ್ ಹೊರುವ ನಲವತ್ತರ ಆಸುಪಾಸಿನವರು. ರಾತ್ರಿ 10ಕ್ಕೆ ಮೈ ನಡುಗಿ ಚಳಿ. ಬೆಳಗ್ಗೆ 6ಕ್ಕೆ ನಾನು ಬಾಗಿಲು ತೆಗೆಯುವಾಗಲೇ ಬಂದು ಕೂತಿದ್ದರು. ಮೈ 103 ಡಿಗ್ರಿ, ಸಿಆರ್‌ಪಿ ಬರೀ 11. ಡಾಕ್ಟರು ವೈರಲ್ ಇರಬಹುದು ಅಂತ ಪ್ಯಾರಸಿಟಮಾಲ್ ಕೊಟ್ಟರು. ನಾನು ಫಾರಂನಲ್ಲಿ "8 ಗಂಟೆ" ಅಂತ ಬರೆದು, ನಾಳೆ ಬನ್ನಿ, ಅರ್ಧ ದುಡ್ಡು ಸಾಕು ಅಂದೆ.

ಮರುದಿನ ಅದೇ ಹೊತ್ತಿಗೆ ಬಂದರು. ಜ್ವರ 99ಕ್ಕೆ ಇಳಿದಿತ್ತು. "ವಾಸಿ ಆಯ್ತು ಸಾರ್, ಸುಮ್ನೆ ಯಾಕೆ ರಕ್ತ?" ಅಂದರು. ನೋಡಿದರೆ 92. ಇದರಲ್ಲಿ ವಿಚಿತ್ರ ಏನಿಲ್ಲ. ಪ್ಯಾರಸಿಟಮಾಲ್ ಮಿದುಳಿನಲ್ಲಿ ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತದೆ, ಅಷ್ಟೆ. ಮ್ಯಾಕ್ರೋಫೇಜ್ ಐಎಲ್ 6 ಬಿಡುವುದನ್ನೂ ತಡೆಯುವುದಿಲ್ಲ, ಅದು ಲಿವರ್ ತಲುಪುವುದನ್ನೂ ತಡೆಯುವುದಿಲ್ಲ. ಥರ್ಮಾಮೀಟರ್ ಇಳಿದಿದ್ದು ಮಾತ್ರೆಯಿಂದ. 11 ಇದ್ದದ್ದು 24 ಗಂಟೆಯಲ್ಲಿ ಮೂರು ಸಲ ಡಬಲ್ ಆದರೆ 88. ಲೆಕ್ಕ ಹೆಚ್ಚು ಕಡಿಮೆ ಸರಿಯಾಗಿ ಕೂತಿತ್ತು. ಲಿವರ್ ಪೂರ್ತಿ ವೇಗದಲ್ಲಿ ಓಡುತ್ತಿದೆ ಅಂತ ಅರ್ಥ. ಡಾಕ್ಟರು ಎಕ್ಸ್‌ರೇ ಮಾಡಿಸಿದರು. ಬಲಗಡೆ ಕೆಳಭಾಗದಲ್ಲಿ ನ್ಯುಮೋನಿಯಾ. ಆ್ಯಂಟಿಬಯಾಟಿಕ್ ಅವತ್ತೇ ಶುರುವಾಯ್ತು.

ಮೂರನೇ ಬೆಳಗ್ಗೆ 186. ಡಾಕ್ಟರ್ ಫೋನ್ ಮಾಡಿ, "ಔಷಧಿ ಕೊಟ್ಟ ಮೇಲೂ ಡಬಲ್ ಆಗಿದೆಯಲ್ಲಪ್ಪಾ" ಅಂದರು. ಅದು ಹಳೇ ಆರ್ಡರಿನ ಮಾಲು ಸರ್, ಸುಮಾರು 50 ಗಂಟೆಗೆ ತುದಿ, ಈಗ 56 ಆಗಿದೆ ಅಂದೆ. ಪೇಷಂಟಿನ ಉಸಿರಾಟ ಸರಿಯಾಗಿತ್ತು, ಬಿಪಿ ಚೆನ್ನಾಗಿತ್ತು, ಹಾಗಾಗಿ ಅವರೂ ಔಷಧಿ ಬದಲಾಯಿಸಲಿಲ್ಲ. ನಾಲ್ಕನೇ ದಿನ 104, ಐದನೇ ದಿನ 45.

ಇಳಿಯುವುದಕ್ಕೂ ಒಂದು ಲೆಕ್ಕ ಇದೆ. ಇದೇ ನನಗೆ ಬಹಳ ಇಷ್ಟ. ರಕ್ತದಲ್ಲಿ ಸಿಆರ್‌ಪಿಯ ಅರ್ಧಾಯು ಸುಮಾರು 19 ಗಂಟೆ. ಕಾಯಿಲೆ ಇರಲಿ ಬಿಡಲಿ, ಅದು ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ಅಂಕಿ ಏರುವುದು ಇಳಿಯುವುದು ಎಲ್ಲ ಲಿವರ್ ಎಷ್ಟು ತಯಾರಿಸುತ್ತಿದೆ ಅನ್ನುವುದರ ಮೇಲೆ ನಿಂತಿದೆ. ತಯಾರಿಕೆ ಪೂರ್ತಿ ನಿಂತರೂ 24 ಗಂಟೆಯ ಮೇಲೆ ನೂರಕ್ಕೆ 42ರಷ್ಟು ಉಳಿದೇ ಇರುತ್ತದೆ. 186ರಲ್ಲಿ 42 ಪಾಲು ಅಂದರೆ 78. ಬಂದದ್ದು 104, ಅಂದರೆ ಲಿವರ್ ಇನ್ನೂ ಸ್ವಲ್ಪ ತಯಾರಿಸುತ್ತಿತ್ತು. 104ರಲ್ಲಿ 42 ಪಾಲು 44, ಬಂದದ್ದು 45. ಅಲ್ಲಿಗೆ ಐಎಲ್ 6 ಸದ್ದು ನಿಂತಿದೆ ಅಂತ ಆಯ್ತು. ಒಂದೇ ದಿನದಲ್ಲಿ 180ರಿಂದ 20ಕ್ಕೆ ಇಳಿದ ರಿಪೋರ್ಟ್ ಕಂಡರೆ ನಾನು ಪೇಷಂಟನ್ನು ನಂಬುವುದಿಲ್ಲ, ಮಿಷನ್ನನ್ನೂ ನಂಬುವುದಿಲ್ಲ. ಟ್ಯೂಬ್ ಬದಲಾಗಿರಬೇಕು, ಇಲ್ಲಾಂದ್ರೆ ಪ್ರೋಜೋನ್.

ಪ್ರೋಜೋನ್ ನನಗೆ ಸಾಕಷ್ಟು ಕಾಟ ಕೊಟ್ಟಿದೆ. ಸಿಆರ್‌ಪಿ ತೀರಾ ಜಾಸ್ತಿ ಇದ್ದಾಗ ಲೇಟೆಕ್ಸ್ ಕಣದ ಮೇಲಿನ ಆ್ಯಂಟಿಬಾಡಿಗಳೆಲ್ಲ ಒಂದೊಂದಾಗಿ ತುಂಬಿಹೋಗುತ್ತವೆ. ಕಣ ಕಣಕ್ಕೆ ಅಂಟಿಕೊಳ್ಳಲು ಸೇತುವೆ ಇಲ್ಲ. ಆಗ ಅಂಕಿ ಕಡಿಮೆ ಬರುತ್ತದೆ. ಮುಳಬಾಗಿಲು ಕಡೆಯಿಂದ ಬಂದ ಅಜ್ಜಿಯೊಬ್ಬರದ್ದು 38 ಬಂತು. ಆದರೆ ಅವರನ್ನು ನೋಡಿದರೆ 38ರ ಪೇಷಂಟ್ ಥರ ಕಾಣಲಿಲ್ಲ. ಸೀರಮ್ಮನ್ನು ಸಲೈನಲ್ಲಿ ಐದು ಪಟ್ಟು ಡೈಲ್ಯೂಟ್ ಮಾಡಿ ಹಾಕಿದರೆ 58, ಐದರಿಂದ ಗುಣಿಸಿದರೆ 290. ಅಂದಿನಿಂದ ಅನುಮಾನ ಬಂದದ್ದನ್ನೆಲ್ಲ ಡೈಲ್ಯೂಟ್ ಮಾಡಿ ಮತ್ತೆ ಹಾಕುತ್ತೇನೆ. ಯಾವುದರ ಮೇಲೆ ಅನುಮಾನ ಪಡಬೇಕು ಅಂತ ರಿಯಾಕ್ಷನ್ನಿನ ಮೊದಲ ಕೆಲವು ಸೆಕೆಂಡಿನಲ್ಲೇ ನನಗೆ ಗೊತ್ತಾಗುತ್ತದೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಅಷ್ಟು ನನ್ನ ಹತ್ತಿರವೇ ಇರಲಿ.

ದುಡ್ಡು ಹೋದದ್ದು ಫ್ರಿಜ್ಜಿನಿಂದ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು, ಥರ್ಮೋಸ್ಟಾಟ್ ಕೆಟ್ಟು, ಹಿಂದಿನ ಗೋಡೆಗೆ ತಾಗಿದ್ದ ಬಾಟಲಿ ಹೆಪ್ಪುಗಟ್ಟಿತ್ತು. ಲೇಟೆಕ್ಸ್ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿದ ಮೇಲೆ ನೋಡಲು ಹಾಲಿನ ಥರವೇ ಇರುತ್ತದೆ, ಆದರೆ ಕಣಗಳು ಆಗಲೇ ಮುದ್ದೆಯಾಗಿ ಸೀರಮ್ ಹಾಕದ ಬ್ಲ್ಯಾಂಕಿನ ಅಂಕಿಯೇ ಮೇಲೆ ಹೋಗುತ್ತದೆ. ಎರಡೂವರೆ ಮೂರು ಸಾವಿರದ ಕಿಟ್ ಮೋರಿಗೆ ಹೋಯ್ತು. ಶುರುವಿನಲ್ಲಿ ಪೇಷಂಟುಗಳೂ ಕಡಿಮೆ, ಕಿಟ್ ಮುಗಿಯುವ ಮೊದಲೇ ಡೇಟ್ ಮುಗಿಯುತ್ತಿತ್ತು. ಮೊದಲ ಟೆಸ್ಟಿಗೆ 350, ಎರಡನೆಯದಕ್ಕೆ 150 ಇಟ್ಟ ಮೇಲೆ ಜನ ಮತ್ತೆ ಬರಲು ಶುರು ಮಾಡಿದರು. ಮೊದಲ ವರ್ಷ ನಷ್ಟವೇ.

ಮಧ್ಯೆ ಒಂದು ತಮಾಷೆ ನಡೆಯಿತು. ಇಲ್ಲಿ ಮನೆಮನೆಗೆ ಹಸು. ಪರಿಚಯದ ಪಶುವೈದ್ಯರೊಬ್ಬರು ಕೆಚ್ಚಲು ಬಾವಿನ ಹಸುವಿನ ಸೀರಮ್ ತಂದು, ಇದರಲ್ಲೂ ನೋಡ್ರೀ ಅಂದರು. ಹಸು ಕೆಂಡದ ಹಾಗೆ ಸುಡುತ್ತಿತ್ತಂತೆ, ಮಿಷನ್ನಿನಲ್ಲಿ ಏನೂ ಇಲ್ಲ. ಕಿಟ್ಟಿನಲ್ಲಿರುವುದು ಮನುಷ್ಯನ ಸಿಆರ್‌ಪಿ ಹಿಡಿಯುವ ಆ್ಯಂಟಿಬಾಡಿ, ಅದು ಒಂದು ಕಾರಣ. ಹಸುವಿನ ಲಿವರ್ ಉರಿಯೂತಕ್ಕೆ ಮುಖ್ಯವಾಗಿ ಮೇಲೆತ್ತುವುದೇ ಬೇರೆ, ಹ್ಯಾಪ್ಟೋಗ್ಲೋಬಿನ್ ಮತ್ತು ಸೀರಮ್ ಅಮಿಲಾಯ್ಡ್ ಎ. ರಿಯೇಜೆಂಟ್ ದುಡ್ಡು ಅವರು ಕೊಡಲಿಲ್ಲ, ಒಂದು ವಾರ ಹಾಲು ಕೊಟ್ಟರು.

ಈ ವಿಧಾನ ಕೈಕೊಡುವ ಜಾಗಗಳೂ ಇವೆ. ಅದರಲ್ಲಿ ನಮ್ಮ ಕಡೆ ಮುಖ್ಯವಾದದ್ದು ಇಂಜೆಕ್ಷನ್. ಹಳ್ಳಿಯಲ್ಲಿ ಜ್ವರಕ್ಕೆ ಸೂಜಿ ಹಾಕಿಸಿಕೊಂಡು ಬಂದವರಿಗೆ ಎಷ್ಟೋ ಸಲ ಅದರಲ್ಲಿ ಸ್ಟಿರಾಯ್ಡ್ ಹೋಗಿರುತ್ತದೆ. ಸ್ಟಿರಾಯ್ಡ್ ಪ್ಯಾರಸಿಟಮಾಲ್ ಥರ ಅಲ್ಲ. ಅದು ಮ್ಯಾಕ್ರೋಫೇಜ್ ಹತ್ತಿರವೇ ಐಎಲ್ 6 ತಯಾರಿಕೆ ತಗ್ಗಿಸುತ್ತದೆ. ಹಾಗಾಗಿ ಜ್ವರವೂ ಇಳಿಯುತ್ತದೆ, ಸಿಆರ್‌ಪಿಯೂ ಮಂಕಾಗುತ್ತದೆ, ಬ್ಯಾಕ್ಟೀರಿಯಾ ಮಾತ್ರ ಹಾಗೇ ಇರುತ್ತದೆ. ಫಾರಂನಲ್ಲಿ ಈಗ "ಸೂಜಿ ಆಗಿದೆಯಾ?" ಅಂತಲೂ ಒಂದು ಸಾಲು ಇದೆ. ಕೀಲುವಾತಕ್ಕೆ ಬೆಂಗಳೂರಿನಲ್ಲಿ ಟೊಸಿಲಿಜುಮ್ಯಾಬ್ ತೆಗೆದುಕೊಳ್ಳುವವರಲ್ಲಿ ಐಎಲ್ 6 ರಿಸೆಪ್ಟರೇ ಮುಚ್ಚಿರುತ್ತದೆ. ಅವರಿಗೆ ನ್ಯುಮೋನಿಯಾ ಬಂದರೂ ಸಿಆರ್‌ಪಿ ಸೊನ್ನೆಯ ಹತ್ತಿರವೇ ಇರಬಹುದು. ಕುಡಿದು ಲಿವರ್ ಕೆಟ್ಟವರಲ್ಲೂ ಏರಿಕೆ ಕಡಿಮೆ. ಇನ್ನು, ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಬ್ಯಾಕ್ಟೀರಿಯಾ ಅಂತಲೂ ಅಲ್ಲ. ಕೋವಿಡ್‌ನಲ್ಲಿ ನೂರು ದಾಟಿದ್ದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ.

ಹಾಗಾದರೆ ಐಎಲ್ 6 ಅನ್ನೇ ನೇರವಾಗಿ ನೋಡಬಾರದಾ ಅಂತ ಹುಡುಗರು ಕೇಳುತ್ತಾರೆ. ನೋಡಬಹುದು, ಅದು ಸಿಆರ್‌ಪಿಗಿಂತ ಬೇಗ ಏರುತ್ತದೆ. ಆದರೆ ಅಷ್ಟೇ ಬೇಗ ಇಳಿದೂ ಹೋಗುತ್ತದೆ, ನಮ್ಮ ಪೇಷಂಟ್ ಬಸ್ ಹತ್ತಿ ಬರುವ ಹೊತ್ತಿಗೆ ತುದಿ ದಾಟಿರಬಹುದು. ಸೀರಮ್ ಬೇಗ ಬೇರೆ ಮಾಡಿ ತಣ್ಣಗಿಡದಿದ್ದರೆ ಟ್ಯೂಬಿನಲ್ಲಿರುವ ಬಿಳಿ ರಕ್ತಕಣಗಳೇ ಇನ್ನಷ್ಟು ಐಎಲ್ 6 ಬಿಟ್ಟು ಅಂಕಿ ಕೆಡಿಸಬಹುದು. ಒಮ್ಮೆ ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿಗೆ ಕಳಿಸಿದ್ದೆ. ಬಿಲ್ ಸಾವಿರದ ಮೇಲೆ ಬಂತು, ರಿಪೋರ್ಟ್ ಬರುವಷ್ಟರಲ್ಲಿ ಪೇಷಂಟ್ ಡಿಸ್ಚಾರ್ಜ್ ಆಗಿದ್ದರು. ಆ ದುಡ್ಡಿಗೆ ನನ್ನಲ್ಲಿ ಎರಡನೇ ಸಿಆರ್‌ಪಿ ಆರೇಳು ಜನಕ್ಕೆ ಆಗುತ್ತದೆ.