ಐದು ಸ್ಯಾಂಪಲ್ ಆವರೇಜ್ ಯಾವ ಫ್ರೀಕ್ವೆನ್ಸಿ ಅಳಿಸುತ್ತೆ? ಯೂನಿಟ್ ಸರ್ಕಲ್ ನೋಡಿ ಓದೋದು ಹೀಗೆ

ಮೂವಿಂಗ್ ಆವರೇಜ್ ಫಿಲ್ಟರ್ ಬರೆಯೋದು ದೊಡ್ಡ ಕೆಲಸ ಏನಲ್ಲ, ಕೊನೇ ಐದು ಸ್ಯಾಂಪಲ್ ಕೂಡಿಸಿ ಐದರಿಂದ ಭಾಗಿಸಿದ್ರೆ ಮುಗೀತು. ಆದ್ರೆ ಅದು ಯಾವ ಫ್ರೀಕ್ವೆನ್ಸಿನ ಪೂರ್ತಿ ಅಳಿಸುತ್ತೆ, ಯಾವುದನ್ನ ಅರ್ಧಂಬರ್ಧ ಬಿಡುತ್ತೆ ಅಂತ ಕೇಳಿದ್ರೆ "ಸಿಗ್ನಲ್ ಸ್ಮೂತ್ ಆಗುತ್ತೆ" ಅನ್ನೋ ಉತ್ತರದ ಮುಂದಕ್ಕೆ ಹೋಗೋರು ಕಮ್ಮಿ. ಇದಕ್ಕೆ ಪ್ಲಾಟ್ ಹಾಕಲೇಬೇಕು ಅಂತಿಲ್ಲ, ಟ್ರಾನ್ಸ್‌ಫರ್ ಫಂಕ್ಷನ್‌ನ ಝೀರೋಗಳು ಯೂನಿಟ್ ಸರ್ಕಲ್ ಮೇಲೆ ಎಲ್ಲಿ ಕೂತಿವೆ ಅಂತ ಒಂದು ಹಾಳೆ ಮೇಲೆ ಗುರುತು ಹಾಕಿದ್ರೆ ರೆಸ್ಪಾನ್ಸ್ ಕರ್ವ್ ಪೂರ್ತಿ ಅಲ್ಲೇ ಸಿಗುತ್ತೆ.

ಒಂದು ಕೇಸ್ ಹಿಡಿದು ಕೊನೇವರೆಗೂ ಹೋಗೋಣ. ಒಂದು ಸೆನ್ಸರ್ ಸಿಗ್ನಲ್‌ನ ಸೆಕೆಂಡಿಗೆ 250 ಸಲ ಸ್ಯಾಂಪಲ್ ಮಾಡ್ತಿದೀವಿ, ಅದರೊಳಗೆ ಕರೆಂಟ್ ಲೈನಿನ 50 ಹರ್ಟ್ಜ್ ಹಮ್ ಸೇರ್ಕೊಂಡಿದೆ. ಫಿಲ್ಟರ್ ಐದು ಪಾಯಿಂಟಿನದು, ಎಲ್ಲಾ ಕೋಎಫಿಶಿಯಂಟ್ 1/5.

ಮೊದಲು ಟ್ರಾನ್ಸ್‌ಫರ್ ಫಂಕ್ಷನ್ ಬರ್ಕೊಳ್ಳಿ:

```
H(z) = (1 + z^-1 + z^-2 + z^-3 + z^-4) / 5
```

ಬ್ರಾಕೆಟ್ ಒಳಗಿರೋದು ಗುಣೋತ್ತರ ಶ್ರೇಣಿ, ಹಂಗಾಗಿ ಅದನ್ನ ಮಡಚಿ ಹೀಗೂ ಬರೀಬಹುದು:

```
H(z) = (z^5 - 1) / (5 * z^4 * (z - 1))
```

ಈ ಎರಡನೇ ರೂಪದಲ್ಲೇ ಮಜಾ ಇರೋದು. ಮೇಲ್ಗಡೆ z^5 = 1 ಆಗೋ ಜಾಗಗಳು ಐದು, ಯೂನಿಟ್ ಸರ್ಕಲ್ ಮೇಲೆ 0 ಡಿಗ್ರಿಯಿಂದ ಶುರುವಾಗಿ 72 ಡಿಗ್ರಿಗೊಂದರಂತೆ ಸಮ ಅಂತರದಲ್ಲಿ ಕೂತಿರ್ತವೆ. ಕೆಳಗಡೆ z = 1 ರಲ್ಲಿ ಒಂದು ಪೋಲ್ ಇದೆ, ಅದು ಅದೇ ಜಾಗದ ಝೀರೋನ ಹೊಡೆದುಹಾಕುತ್ತೆ. ಉಳಿಯೋದು ನಾಲ್ಕು ಝೀರೋ: ಮೇಲ್ಗಡೆ 72 ಮತ್ತು 144 ಡಿಗ್ರಿಯಲ್ಲಿ, ಅವುಗಳ ಕನ್ನಡಿ ಬಿಂಬದ ಥರ ಕೆಳಗಡೆ -72 ಮತ್ತು -144 ರಲ್ಲಿ.

z = 1 ರಲ್ಲಿ ಪೋಲ್ ಕಂಡ ಕೂಡ್ಲೇ ಫಿಲ್ಟರ್ ಅನ್‌ಸ್ಟೇಬಲ್ ಅಂತ ಗಾಬರಿ ಬೀಳೋರು ಇದಾರೆ. ಕಾಗದದ ಮೇಲೆ ಅದು ಕ್ಯಾನ್ಸಲ್ ಆಗಿಹೋಗುತ್ತೆ, ಏನೂ ಭಯ ಇಲ್ಲ. ಆದ್ರೆ ಕೋಡ್‌ನಲ್ಲಿ ನೀವು ಪ್ರತಿಸಲ ಐದನ್ನೂ ಕೂಡಿಸೋ ಬದಲು ಹೊಸದನ್ನ ಕೂಡಿಸಿ ಹಳೇದನ್ನ ಕಳೆಯೋ ರನ್ನಿಂಗ್ ಸಮ್ ಇಟ್ಕೊಂಡಿದ್ರೆ ಆ ಪೋಲ್ ನಿಜವಾಗ್ಲೂ ಅಲ್ಲಿ ಕೂತಿರುತ್ತೆ, ಫ್ಲೋಟ್ ಬಳಸಿದ್ರೆ ರೌಂಡಿಂಗ್ ಎರರ್ ಚೂರುಚೂರೇ ಸೇರಿ ವಾಪಸ್ ಹೋಗದೆ ಉಳ್ಕೊಂಡುಬಿಡುತ್ತೆ. ಇಂಟಿಜರ್ ಬಳಸಿದ್ರೆ ಈ ಕಾಟ ಇಲ್ಲ.

ಈಗ ಕೋನವನ್ನ ಫ್ರೀಕ್ವೆನ್ಸಿಗೆ ತಿರುಗಿಸಬೇಕು. ಒಂದು ಪೂರ್ತಿ ಸುತ್ತು ಅಂದ್ರೆ ಸ್ಯಾಂಪ್ಲಿಂಗ್ ರೇಟ್, ಅಂದ್ರೆ 360 ಡಿಗ್ರಿಗೆ 250 ಹರ್ಟ್ಜ್. ಆ ಲೆಕ್ಕದಲ್ಲಿ 72 ಡಿಗ್ರಿ ಅಂದ್ರೆ 50 ಹರ್ಟ್ಜ್, 144 ಅಂದ್ರೆ 100 ಹರ್ಟ್ಜ್, ಅರ್ಧ ಸುತ್ತು ಅಂದ್ರೆ 125. ಝೀರೋ ಸರ್ಕಲ್ ಮೇಲೇನೇ ಇದೆ ಅಂದ್ರೆ ಆ ಫ್ರೀಕ್ವೆನ್ಸಿ ಔಟ್‌ಪುಟ್‌ನಲ್ಲಿ ಬರೋದೇ ಇಲ್ಲ, ಹಂಗಾಗಿ ನಮ್ಮ ಹಮ್ಮೂ ಹೋಯ್ತು, ಅದರ ಎರಡನೇ ಹಾರ್ಮೋನಿಕ್ಕೂ ಹೋಯ್ತು. ಇದನ್ನ ಟೈಮ್ ಕಡೆಯಿಂದಲೂ ಒಂದ್ಸಲ ತಾಳೆ ನೋಡಿ: ಐದು ಸ್ಯಾಂಪಲ್ ಅಂದ್ರೆ 20 ಮಿಲಿಸೆಕೆಂಡ್, 50 ಹರ್ಟ್ಜ್‌ನ ಒಂದು ಪೂರ್ತಿ ಸೈಕಲ್ಲೂ ಅಷ್ಟೇ, ಒಂದು ಸೈಕಲ್‌ನ ಸರಾಸರಿ ಸೊನ್ನೆ.

ನಂಬಿಕೆ ಬರದಿದ್ರೆ ಇಷ್ಟು ಓಡಿಸಿ:

```python
import numpy as np
z = np.roots(np.ones(5) / 5)
print(np.abs(z))
print(np.angle(z) * 250 / (2 * np.pi))
```

ಮೊದಲ ಸಾಲಲ್ಲಿ ಎಲ್ಲಾ 1 ಬರಬೇಕು, ಎರಡನೇದ್ರಲ್ಲಿ ಪ್ಲಸ್ ಮೈನಸ್ 50 ಮತ್ತು 100.

ಝೀರೋ ಇರೋ ಜಾಗ ಸಿಕ್ತು ಸರಿ, ಮಧ್ಯದ ಫ್ರೀಕ್ವೆನ್ಸಿಗಳ ಕಥೆ ಏನು? ಇಲ್ಲಿ ಅಳತೆಪಟ್ಟಿ ತಗೋಬೇಕು. ನಿಮಗೆ ಬೇಕಾದ ಫ್ರೀಕ್ವೆನ್ಸಿಯ ಕೋನದಲ್ಲಿ ಸರ್ಕಲ್ ಮೇಲೆ ಒಂದು ಚುಕ್ಕೆ ಇಡಿ, ಅಲ್ಲಿಂದ ನಾಲ್ಕೂ ಝೀರೋಗಳಿಗೆ ನೇರ ಗೆರೆ ಎಳೀರಿ, ನಾಲ್ಕೂ ಉದ್ದಗಳನ್ನ ಗುಣಿಸಿ, 5 ರಿಂದ ಭಾಗಿಸಿ. ಬರೋದೇ ಗೇನ್. ಸೆಂಟರ್‌ನಲ್ಲಿ ನಾಲ್ಕು ಪೋಲ್ ಇದಾವಲ್ಲ ಅಂದ್ರೆ, ಸರ್ಕಲ್‌ನ ಯಾವ ಜಾಗದಿಂದ ಅಳೆದ್ರೂ ಅವುಗಳ ದೂರ 1, ಅದಕ್ಕೇ ಗೇನ್‌ನಲ್ಲಿ ಅವಕ್ಕೆ ಪಾತ್ರ ಇಲ್ಲ. ಪಟ್ಟಿ ಇಲ್ಲದಿದ್ರೆ ಸರ್ಕಲ್ ಮೇಲಿನ ಎರಡು ಪಾಯಿಂಟ್ ಮಧ್ಯದ ನೇರ ದೂರಕ್ಕೆ ಸೂತ್ರ ಇದೆ, 2·sin(d/2), ಇಲ್ಲಿ d ಅನ್ನೋದು ಕೋನಗಳ ವ್ಯತ್ಯಾಸ.

ಚುಕ್ಕೆನ 0 ಡಿಗ್ರಿಯಲ್ಲಿ ಇಟ್ಟು ಶುರು ಮಾಡಿ. 72 ಡಿಗ್ರಿ ದೂರದ ಎರಡು ಝೀರೋಗೆ ಉದ್ದ 1.176, 144 ಡಿಗ್ರಿ ದೂರದವಕ್ಕೆ 1.902. ನಾಲ್ಕನ್ನೂ ಗುಣಿಸಿದ್ರೆ ಸರಿಯಾಗಿ 5 ಬರುತ್ತೆ, ಭಾಗಿಸಿದ್ರೆ 1, ಅಂದ್ರೆ ಡಿಸಿ ಹಂಗೇ ದಾಟಿ ಹೋಗುತ್ತೆ. ಈಗ 25 ಹರ್ಟ್ಜ್, ಅಂದ್ರೆ 36 ಡಿಗ್ರಿಗೆ ಬನ್ನಿ. ಹತ್ತಿರದ ಝೀರೋಗೆ 0.618, ಎರಡಕ್ಕೆ 1.618, ಎದುರುಗಡೆ ಇರೋದಕ್ಕೆ 2. ಗುಣಿಸಿದ್ರೆ 3.236, ಗೇನ್ 0.647. ಅಂದ್ರೆ 25 ಹರ್ಟ್ಜ್‌ನಲ್ಲಿ ನಿಮಗೆ ಬೇಕಾದ ಸಿಗ್ನಲ್ಲೇ ಇದ್ರೆ ಅದರ ಮೂರನೇ ಒಂದು ಭಾಗ ಹಮ್ ಜೊತೆಗೇ ಹೋಯ್ತು ಅಂತ ಅರ್ಥ, 3 ಡಿಬಿ ಪಾಯಿಂಟ್ 22.5 ಹರ್ಟ್ಜ್ ಹತ್ರಾನೇ ಬಂದುಬಿಡುತ್ತೆ. ಮೂವಿಂಗ್ ಆವರೇಜ್ ಹಾಕೋಕೆ ಮುಂಚೆ ನಾನು ಮೊದಲು ನೋಡೋದು ಇದನ್ನೇ, ಝೀರೋ ಎಲ್ಲಿದೆ ಅನ್ನೋದು ಆಮೇಲೆ.

50 ರಲ್ಲಿ ಒಂದು ಉದ್ದ ಸೊನ್ನೆ, ಗುಣಲಬ್ಧಾನೂ ಸೊನ್ನೆ. ಆಮೇಲೆ ಚುಕ್ಕೆ ಎರಡು ಝೀರೋಗಳ ಮಧ್ಯಕ್ಕೆ, 75 ಹರ್ಟ್ಜ್‌ಗೆ ಬಂದ್ರೆ ಗೇನ್ ಮತ್ತೆ ಮೇಲೆದ್ದು 0.247 ಆಗುತ್ತೆ, ಸುಮಾರು -12 ಡಿಬಿ. 100 ರಲ್ಲಿ ಮತ್ತೆ ಸೊನ್ನೆ, 125 ರಲ್ಲಿ 0.2. ಈ ಉಬ್ಬುಗಳೇ ಸೈಡ್ ಲೋಬ್. ಪಾಸ್‌ಬ್ಯಾಂಡ್ ಅಂತ ನಾವು ಕರೆಯೋದು ನೋಡಿದ್ರೆ 0 ಡಿಗ್ರಿಯಲ್ಲಿ ಒಂದು ಝೀರೋ ಕಾಣೆಯಾಗಿದ್ದರಿಂದ ಆದ ಅಗಲವಾದ ಖಾಲಿ ಜಾಗ, ಮಿಕ್ಕ ಕಡೆ ಝೀರೋಗಳು ಸಾಲಾಗಿ ನಿಂತು ಕರ್ವ್‌ನ ಕೆಳಗೆ ಹಿಡಿದಿವೆ ಅಷ್ಟೇ.

ಝೀರೋ ದಾಟಿದಾಗ ಇನ್ನೊಂದು ಆಗುತ್ತೆ, ಬರೀ ಗೇನ್ ಪ್ಲಾಟ್ ನೋಡೋರ ಕಣ್ಣಿಗೆ ಅದು ಬೀಳಲ್ಲ. ಆ ಝೀರೋದಿಂದ ಚುಕ್ಕೆಗೆ ಎಳೆದ ಗೆರೆ ಚುಕ್ಕೆ ಅದನ್ನ ದಾಟಿದ ಕ್ಷಣ ಉಲ್ಟಾ ದಿಕ್ಕಿಗೆ ತಿರುಗುತ್ತೆ, ಅಂದ್ರೆ ಫೇಸ್ ಒಂದೇಟಿಗೆ 180 ಡಿಗ್ರಿ ಜಿಗಿಯುತ್ತೆ. ಎಲ್ಲಾ ಫ್ರೀಕ್ವೆನ್ಸಿಗೂ ಇರೋ 2 ಸ್ಯಾಂಪಲ್ ಡಿಲೇ, ಅಂದ್ರೆ 8 ಮಿಲಿಸೆಕೆಂಡ್, ಕಳೆದು ನೋಡಿದ್ರೆ 50 ರಿಂದ 100 ಹರ್ಟ್ಜ್ ಮಧ್ಯದ್ದೆಲ್ಲಾ ತಲೆಕೆಳಗಾಗಿ ಬರ್ತಿರುತ್ತೆ. 75 ಹರ್ಟ್ಜ್ ಸೈನ್ ವೇವ್ ಕೊಟ್ಟು ನೋಡಿ, ಮೇಲಿರಬೇಕಾದ ಶಿಖರ ಕೆಳಗಿರುತ್ತೆ.

ಇನ್ನು ಎಡವಟ್ಟಾಗೋ ಜಾಗಗಳು. ಲೈನ್ ಫ್ರೀಕ್ವೆನ್ಸಿ ಯಾವಾಗ್ಲೂ ಕರೆಕ್ಟಾಗಿ 50 ಇರಲ್ಲ, 49 ಕ್ಕೆ ಇಳೀತು ಅಂತ ದೊಡ್ಡದಾಗೇ ಇಟ್ಕೊಳ್ಳಿ. ಚುಕ್ಕೆ ಝೀರೋದಿಂದ 1.44 ಡಿಗ್ರಿ ಹಿಂದೆ, ಆ ಗೆರೆಯ ಉದ್ದ 0.025, ಮಿಕ್ಕ ಮೂರರ ಗುಣಲಬ್ಧ 4.33, ಗೇನ್ 0.022. ಹಮ್‌ನಲ್ಲಿ ನೂರಕ್ಕೆ ಎರಡು ಭಾಗ ಉಳೀತು, ಪರವಾಗಿಲ್ಲ. ಅದೂ ಸಾಲದು ಅಂದ್ರೆ ಅದೇ ಫಿಲ್ಟರ್‌ನ ಎರಡು ಸಲ ಹಾಯಿಸಿ, ಪ್ರತಿ ಜಾಗದಲ್ಲೂ ಎರಡೆರಡು ಝೀರೋ ಕೂರುತ್ತೆ, ಗೇನ್ ತನ್ನಿಂದಲೇ ಗುಣಿಸ್ಕೊಂಡು 0.0005 ಕ್ಕಿಂತ ಕೆಳಗೆ ಹೋಗುತ್ತೆ, ಸೈಡ್ ಲೋಬೂ -24 ಡಿಬಿಗೆ ಇಳಿಯುತ್ತೆ. ಅದಕ್ಕೆ ಪ್ರತಿಯಾಗಿ ಡಿಲೇ ಡಬಲ್, 25 ಹರ್ಟ್ಜ್ ಗೇನ್ 0.42. ಇದರ ಬದಲು ಪಾಯಿಂಟ್ ಜಾಸ್ತಿ ಮಾಡಿದ್ರೆ ಸೈಡ್ ಲೋಬ್ ಕಮ್ಮಿ ಆಗುತ್ತೆ ಅಂತ ಅಂದ್ಕೊಂಡ್ರೆ ಆಗಲ್ಲ, ಝೀರೋಗಳು ಒತ್ತೊತ್ತಾಗಿ ಕೂತು ಲೋಬ್ ಕಿರಿದಾಗುತ್ತೆ, ಆದ್ರೆ ಮೊದಲನೇ ಲೋಬ್ ಎಷ್ಟೇ ಪಾಯಿಂಟ್ ಹಾಕಿದ್ರೂ -13 ಡಿಬಿ ಆಸುಪಾಸಲ್ಲೇ ನಿಂತುಬಿಡುತ್ತೆ.

ನಿಜವಾದ ತೊಂದರೆ ಬರೋದು ಲೈನ್ 60 ಹರ್ಟ್ಜ್ ಇರೋ ಕಡೆ ಇದೇ ಕೋಡ್ ತಗೊಂಡು ಹೋದಾಗ. 60 ಅಂದ್ರೆ 86.4 ಡಿಗ್ರಿ, ಅಲ್ಲಿ ಝೀರೋನೇ ಇಲ್ಲ, ಗೇನ್ 0.17, ಹಮ್ ಆರಾಮಾಗಿ ಕಾಣಿಸುತ್ತೆ. ಪಾಯಿಂಟ್ ಬದಲಾಯಿಸಿ ಸರಿಮಾಡೋಕೂ ಆಗಲ್ಲ, ಯಾಕಂದ್ರೆ 250 ನ 60 ರಿಂದ ಭಾಗಿಸಿದ್ರೆ ಪೂರ್ಣಸಂಖ್ಯೆ ಬರಲ್ಲ, 25 ಪಾಯಿಂಟ್‌ವರೆಗೂ ಹೋದ್ರೆ ಝೀರೋ 10 ಹರ್ಟ್ಜ್‌ಗೊಂದು ಬಂದು 60 ರಲ್ಲೂ ಕೂರುತ್ತೆ ನಿಜ, ಆದ್ರೆ 10 ಹರ್ಟ್ಜ್ ಸಿಗ್ನಲ್ಲೂ ಸತ್ತಿರುತ್ತೆ. ಸ್ಯಾಂಪ್ಲಿಂಗ್ ರೇಟ್‌ನೇ 300 ಮಾಡಿದ್ರೆ ಅದೇ ಐದು ಪಾಯಿಂಟ್ ಸಾಕು. ಇದೇ ಕಾರಣಕ್ಕೆ ಟೈಮರ್ ಸೆಟ್ಟಿಂಗ್ ತಪ್ಪಿ ರೇಟ್ 240 ಆಗಿದ್ರೆ ಝೀರೋಗಳು 48 ಮತ್ತು 96 ಕ್ಕೆ ಜಾರಿ 50 ರಲ್ಲಿ ನೂರಕ್ಕೆ ನಾಲ್ಕು ಭಾಗ ಉಳಿಯುತ್ತೆ. ಫಿಲ್ಟರ್ ಹಾಕಿದ್ರೂ ಹಮ್ ಸ್ವಲ್ಪ ಉಳೀತಿದೆ ಅಂದ್ರೆ ಕೋಎಫಿಶಿಯಂಟ್ ಕೆದಕೋ ಮುಂಚೆ ಸೆಕೆಂಡಿಗೆ ನಿಜವಾಗ್ಲೂ ಎಷ್ಟು ಸ್ಯಾಂಪಲ್ ಬರ್ತಿದೆ ಅಂತ ಎಣಿಸಿ ನೋಡಿ.

ಕೊನೇದು ಹಾರ್ಮೋನಿಕ್‌ಗಳು. 125 ಕ್ಕಿಂತ ಮೇಲಿನ ಫ್ರೀಕ್ವೆನ್ಸಿಗೂ ಅದೇ ಸರ್ಕಲ್, ಚುಕ್ಕೆ ಕೆಳಗಿನ ಅರ್ಧದಲ್ಲಿ ಮುಂದುವರಿಯುತ್ತೆ ಅಷ್ಟೇ. 150 ಹರ್ಟ್ಜ್ ಅಂದ್ರೆ 216 ಡಿಗ್ರಿ, ಅಲ್ಲೂ ಝೀರೋ ಇದೆ, 200 ರಲ್ಲೂ ಇದೆ. ಐದನೇ ಹಾರ್ಮೋನಿಕ್ 250 ಬಂದಾಗ ಚುಕ್ಕೆ ಒಂದು ಸುತ್ತು ಮುಗಿಸಿ 0 ಡಿಗ್ರಿಗೆ, ಆ ಕಾಣೆಯಾದ ಝೀರೋ ಜಾಗಕ್ಕೆ ಬಂದು ನಿಲ್ಲುತ್ತೆ, ಗೇನ್ 1. ಲೈನ್ 49.98 ಇದ್ರೆ ಐದನೇ ಹಾರ್ಮೋನಿಕ್ 249.9, ಅದು ಔಟ್‌ಪುಟ್‌ನಲ್ಲಿ 0.1 ಹರ್ಟ್ಜ್ ಆಗಿ, ಹತ್ತು ಸೆಕೆಂಡಿಗೊಂದು ಸಲ ನಿಧಾನಕ್ಕೆ ಏರಿಳಿಯೋ ಬೇಸ್‌ಲೈನ್ ಥರ ಕಾಣುತ್ತೆ, ನೋಡಿದವರು ಸೆನ್ಸರ್ ಡ್ರಿಫ್ಟ್ ಆಗ್ತಿದೆ ಅಂತ ಸೆನ್ಸರ್ ಬದಲಾಯಿಸ್ತಾರೆ. ಇದನ್ನ ಯಾವ ಡಿಜಿಟಲ್ ಫಿಲ್ಟರ್ರೂ ಆಮೇಲೆ ಬೇರೆ ಮಾಡೋಕೆ ಆಗಲ್ಲ, ಎಡಿಸಿಗೆ ಹೋಗೋ ಮುಂಚೆನೇ ಅನಲಾಗ್ ಲೋ-ಪಾಸ್ ಹಾಕಿ ತಡೀಬೇಕು.