ಮಗ್ಗದ ಸಪ್ಪಳ ಪದ್ಯಕ್ಕೆ ಬಂದದ್ದು ಹೀಗೆ

ಬೆಟಗೇರಿಯ ಕೈಮಗ್ಗದ ಮೇಲೆ ಒಂದು ಪದ್ಯ ಬರೆಯಬೇಕು ಅಂತ ಕೂತಾಗ ಮೊದಲು ಬಂದ ಸಾಲು ಇದು:

ಲಟಪಟ ಲಟಪಟ ಮಗ್ಗದ ಸದ್ದು

ಬಾಯಿಗೆ ಸಲೀಸಾಗಿತ್ತು. ನಮ್ಮ ಓಣಿಯ ನೇಕಾರ ಕಾಕಾನ ಮುಂದೆ ಓದಿದೆ. ಅವರು ಕೇಳಿ, "ತಮ್ಮಾ, ಇದು ಕರೆಂಟ್ ಮಗ್ಗದ ಸಪ್ಪಳ. ಕೈಮಗ್ಗ ಹಿಂಗ ಒದರೂದಿಲ್ಲ" ಅಂದರು.

ಹೌದಲ್ವಾ. 'ಲಟಪಟ' ಅಂದ್ರೆ ನಾಲ್ಕು ಲಘು, ನಾಲ್ಕು ಮಾತ್ರೆ, ಎಲ್ಲವೂ ಸಮ. ಉಸಿರು ಬಿಡದೆ ಓಡುವ ಯಂತ್ರಕ್ಕೆ ಅದು ಸರಿ. ಇನ್ನೊಂದು ತಪ್ಪೂ ಇತ್ತು. ನಮ್ಮಲ್ಲಿ 'ಟಕ್' ಅಂದ್ರೆ ಒಂದೇ ಪೆಟ್ಟು, 'ಟಕಟಕ' ಅಂದ್ರೆ ನಿಲ್ಲದ ಪೆಟ್ಟು. ಕೈಮಗ್ಗದಲ್ಲಿ ಪೆಟ್ಟು ಒಂದೊಂದಾಗಿ ಬೀಳುತ್ತದೆ.

ಮರುದಿನ ಕಾಕಾನ ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿ ಕೇಳಿದೆ. ಅವರು ತಗ್ಗಿನಲ್ಲಿ ಕಾಲು ಇಳಿಬಿಟ್ಟು ತುಳಿಯುತ್ತಾರೆ, ಹಗ್ಗ ಜಗ್ಗುತ್ತಾರೆ. ಲಾಳಿ ಸರ್ರನೆ ಹೋಗಿ ಆ ಕಡೆಯ ಕಟ್ಟಿಗೆಗೆ ಬಡಿಯುತ್ತದೆ. ಆಮೇಲೆ ಹಣಿಗೆ ಬಂದು ಹೊಸ ಎಳೆಯನ್ನು ಬಟ್ಟೆಗೆ ಒತ್ತುತ್ತದೆ. ಬಾಯಲ್ಲಿ ಅಂದು ನೋಡಿದೆ: ಸರ್ರ, ಟಕ್ ಧಪ್. ಮೂರು ಮಾತ್ರೆ, ಆಮೇಲೆ ನಾಲ್ಕು. ಮೈ ಜುಮ್ಮೆಂದಿತು. ಇದು ಭಾಮಿನಿ ಷಟ್ಪದಿಯ ನಡಿಗೆ! ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಭಾರತ ಬರೆದದ್ದು ಇದೇ ನಡಿಗೆಯಲ್ಲಿ ಅಂತ ನಮ್ಮ ಊರು ನಂಬಿದೆ.

ಆದರೆ 'ಸರ್ರ ಟಕ್ ಧಪ್' ಅಂತಲೇ ಬರೆದರೆ ಪದ್ಯ ಆಗುವುದಿಲ್ಲ. ಎರಡು ಸಾಲಿಗೆ ಕಿವಿ ದಣಿಯುತ್ತದೆ. ಅರ್ಥ ಇರುವ ಮಾತಿನೊಳಗೇ ಸದ್ದು ಇಡಬೇಕಿತ್ತು. ವಾರ ತಿದ್ದಿದ ಮೇಲೆ ಬಂದದ್ದು:

ಲಾಳಿ ಹಾರಿತು, ಕೊನೆಗೆ ತಟ್ಟಿತು
ಹಣಿಗೆ ಗುದ್ದಿತು, ಎಳೆಯು ಕೂತಿತು

ಮೂರು-ನಾಲ್ಕು, ಮೂರು-ನಾಲ್ಕು. 'ಲಾಳಿ ಹಾರಿತು' ಅನ್ನುವಾಗ ನಾಲಗೆ ಎಲ್ಲೂ ಗಟ್ಟಿಯಾಗಿ ತಡೆಯುವುದಿಲ್ಲ, ಜಾರುತ್ತದೆ. 'ತಟ್ಟಿತು'ವಿನ ಟ್ಟ ಕಟ್ಟಿಗೆಗೆ ಕಟ್ಟಿಗೆ ಬಡಿದ ಸದ್ದು. 'ಗುದ್ದಿತು'ವಿನ ದ್ದ ನೂಲಿನ ಮೇಲೆ ಬಿದ್ದ ಮೆತ್ತನೆಯ, ಭಾರದ ಪೆಟ್ಟು. ಮೊದಲು 'ಕೊನೆಗೆ ನಿಂತಿತು' ಅಂತ ಬರೆದಿದ್ದೆ. ಮಾತ್ರೆ ಸರಿ ಇತ್ತು, ಆದರೆ ಮೂಗಿನ ಸದ್ದು ಬಂದು ಪೆಟ್ಟೇ ಕೇಳಿಸಲಿಲ್ಲ. ಇದನ್ನು ಕಾಗದದ ಮೇಲೆ ಹಿಡಿಯಲಾಗಲಿಲ್ಲ, ತೊಡೆ ತಟ್ಟುತ್ತ ಗಟ್ಟಿಯಾಗಿ ಓದಿದಾಗಲೇ ಗೊತ್ತಾಯಿತು. ಟ್ಟ ಅಂದರೆ ಸದಾ ಕಟ್ಟಿಗೆ ಅಂತಲೂ ಅಲ್ಲ. 'ಪುಟ್ಟ'ದಲ್ಲಿ ಯಾವ ಬಡಿತವೂ ಇಲ್ಲ. ಅರ್ಥ ಆ ಕಡೆ ಕೈ ತೋರಿಸಿದಾಗ ಮಾತ್ರ ಕಿವಿ ಒಪ್ಪುತ್ತದೆ.

ಉಳಿದದ್ದು ಎಳೆ ಹರಿಯುವ ಗಳಿಗೆ. ಅದಕ್ಕೆ 'ಪಟ್' ಅಂತ ಹಾಕಿ ನೋಡಿದೆ, ಸುಳ್ಳು ಅನಿಸಿತು. ನೂಲು ಹರಿದಾಗ ಕೇಳಿಸುವುದು ಸದ್ದಲ್ಲ, ಮಗ್ಗ ಸುಮ್ಮನಾಗುವುದು. ಹಾಗಾಗಿ ಸಾಲನ್ನೇ ಹರಿದೆ:

ಲಾಳಿ ಹಾರಿತು, ಎಳೆ

ಮೂರು ಮಾತ್ರೆ ಬೇಕಾದಲ್ಲಿ ಎರಡೇ. ಮುಂದಿನದು ಖಾಲಿ.

ಕಾಕಾನ ಮುಂದೆ ಮತ್ತೆ ಓದಿದೆ. ಅವರ ಕಾಲು ನೆಲದ ಮೇಲೆ ತಾಳಕ್ಕೆ ಆಡುತ್ತಿತ್ತು. ಈ ಸಾಲಿಗೆ ಬಂದಾಗ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಗಂಟು ಹಾಕಲಿಲ್ಲೇನು?"