ಸಾರು ಚೆಲ್ಲಿದ ಕೈಗೆ ಪೇಸ್ಟ್ ಬೇಡ, ನೀರು ಬಿಡಿ

ಮೈಸೂರಿನಲ್ಲಿ ಸುಟ್ಟಗಾಯಗಳಿಗೆ ಡ್ರೆಸ್ಸಿಂಗ್ ಮಾಡುವ ಕೆಲಸ ನನ್ನದು. ಅಡುಗೆಮನೆಯಿಂದ ನೇರ ಬಂದವರಲ್ಲಿ ಎಷ್ಟೋ ಸಲ ಗಾಯಕ್ಕಿಂತ ಮೊದಲು ಕಾಣುವುದು ಅದರ ಮೇಲೆ ಬಳಿದ ಟೂತ್‌ಪೇಸ್ಟ್, ಬೆಣ್ಣೆ ಅಥವಾ ಅರಿಶಿನ. ಅದನ್ನು ತೆಗೆಯದೆ ಗಾಯದ ಆಳ ತಿಳಿಯುವುದಿಲ್ಲ. ತೆಗೆಯುವಾಗ ಬೊಬ್ಬೆಯ ತೆಳು ಚರ್ಮವೂ ಕಿತ್ತು ಬರುತ್ತದೆ. ಈ ನೋವು ಯಾರಿಗೂ ಬೇಕಿರಲಿಲ್ಲ.

ಕುದಿಯುವ ಸಾರು ಮುಂಗೈ ಮೇಲೆ ಚೆಲ್ಲಿತು ಎಂದುಕೊಳ್ಳಿ. ಸಾರು ಜಾರಿಹೋದರೂ ಬಿಸಿ ಚರ್ಮದಲ್ಲಿ ಉಳಿದು ಒಳಗಿನ ಪದರಕ್ಕೆ ಇಳಿಯುತ್ತಲೇ ಇರುತ್ತದೆ. ಅದನ್ನು ಹೊರಗೆ ಎಳೆಯುವುದು ಹರಿಯುವ ನೀರು. ಬೆಣ್ಣೆಯ ಜಿಡ್ಡು ಆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಪೇಸ್ಟಿನ ಪುದೀನ ತಣ್ಣಗೆನಿಸುತ್ತದೆ, ಆದರೆ ಬಿಸಿಯನ್ನು ಹೊರತೆಗೆಯುವುದಿಲ್ಲ. ಸುಟ್ಟ ಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ.

ಕೈಯನ್ನು ನಲ್ಲಿ ಕೆಳಗೆ ಹಿಡಿದು ಗಡಿಯಾರ ನೋಡಿ 20 ನಿಮಿಷ ನೀರು ಬಿಡಿ. ಎರಡು ನಿಮಿಷಕ್ಕೆ ಉರಿ ಇಳಿದಂತೆ ಅನಿಸುತ್ತದೆ, ಹೆಚ್ಚಿನವರು ಅಲ್ಲೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಬೇಸಿಗೆ ಮಧ್ಯಾಹ್ನ ಮಹಡಿ ಮೇಲಿನ ಟ್ಯಾಂಕಿನ ನೀರೇ ಬಿಸಿಯಾಗಿರುತ್ತದೆ. ಆಗ ಸಂಪಿನ ನೀರನ್ನೋ ಕೊಡದ ನೀರನ್ನೋ ಚೊಂಬಿನಿಂದ ಒಂದೇ ಸಮನೆ ಹುಯ್ಯಿರಿ. ಸುಟ್ಟು ಸ್ವಲ್ಪ ಹೊತ್ತಾಗಿದ್ದರೂ 3 ಗಂಟೆಯೊಳಗೆ ನೀರು ಬಿಟ್ಟರೆ ಪ್ರಯೋಜನವಿದೆ. ಐಸ್ ಮಾತ್ರ ಬೇಡ. ಅದು ರಕ್ತನಾಳಗಳನ್ನು ಬಿಗಿಸಿ, ಮೊದಲೇ ನೊಂದ ಚರ್ಮಕ್ಕೆ ರಕ್ತ ಸಿಗದಂತೆ ಮಾಡುತ್ತದೆ. ಎಳೆಮಗುವಾದರೆ ಸುಟ್ಟ ಜಾಗಕ್ಕಷ್ಟೇ ನೀರು ಬಿಟ್ಟು ಉಳಿದ ಮೈಯನ್ನು ಬೆಚ್ಚಗೆ ಹೊದಿಸಿ.

ನೀರು ಬೀಳುತ್ತಿರುವಾಗಲೇ ಬಳೆ, ಉಂಗುರ, ವಾಚು ಕಳಚಿ. ಆಮೇಲೆ ಕೈ ಊದಿಕೊಂಡರೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಎಳೆಯದೆ ಸುತ್ತಲೂ ಕತ್ತರಿಸಿ ಬಿಡಿ.

ನಂತರ ಒಗೆದು ಒಣಗಿಸಿದ ಹತ್ತಿ ಪಂಚೆಯ ತುಂಡನ್ನು ಸಡಿಲವಾಗಿ ಹೊದಿಸಿ. ಹಿಂಜಿದ ಹತ್ತಿ ಬೇಡ, ಅದರ ಎಳೆ ಗಾಯಕ್ಕೆ ಕಚ್ಚಿಕೊಳ್ಳುತ್ತದೆ. ಬೊಬ್ಬೆ ಒಡೆಯಬೇಡಿ.

ಗಾಯ ಸುಟ್ಟವರ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲು, ಗುಪ್ತಾಂಗದ ಮೇಲಿದ್ದರೆ, ಸುಟ್ಟಿದ್ದು ಮಗುವಿಗಾದರೆ ಆಸ್ಪತ್ರೆಗೆ ಹೋಗಲೇಬೇಕು; ಗಾಯ ದೊಡ್ಡದೆನಿಸಿದರೆ 108ಕ್ಕೆ ಕರೆ ಮಾಡಿ. ನೋವಿಲ್ಲವೆಂದು ನಿರಾಳವಾಗುವವರಿದ್ದಾರೆ. ಚರ್ಮ ಬೆಳ್ಳಗೆ, ಗಟ್ಟಿಯಾಗಿ, ಮುಟ್ಟಿದರೂ ಗೊತ್ತಾಗದಂತಿದ್ದರೆ ಒಳಗಿನ ನರವೂ ಸುಟ್ಟಿದೆ. ಅದೇ ಹೆಚ್ಚು ಆಳದ ಗಾಯ.

ಮಂಡ್ಯ ಕಡೆಯ ಆಲೆಮನೆಯವರಿಗೆ ಒಂದು ಮಾತು. ಬೆಲ್ಲದ ಪಾಕ ಕುದಿನೀರಿಗಿಂತ ಬಿಸಿ, ಮೇಲಾಗಿ ಅಂಟಿಕೊಳ್ಳುತ್ತದೆ. ಅದನ್ನು ಕೆರೆದು ತೆಗೆಯಲು ಹೋಗಬೇಡಿ. ಪಾಕದ ಮೇಲೆಯೇ ನೀರು ಹುಯ್ಯುತ್ತಿರಿ. ಕರಗಿದಷ್ಟು ಕರಗಲಿ, ಉಳಿದದ್ದನ್ನು ಆಸ್ಪತ್ರೆಯಲ್ಲಿ ತೆಗೆಯುತ್ತಾರೆ.